ಹೆಸರು ತಪ್ಪಿದ ಗೌರವ

ಗೆಳೆಯನೊಬ್ಬನ ಅಣ್ಣ ಸೇನೆಯಲ್ಲಿದ್ದವರು, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ ನಾನು ಕಂಡ ಒಂದು ಗಳಿಗೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಧ್ವಜ ಹೊದಿಸಿದ ಶವಪೆಟ್ಟಿಗೆ, ಕೋವಿಯ ಮೂತಿಯನ್ನು ನೆಲಕ್ಕೆ ಮಾಡಿ ತಲೆ ತಗ್ಗಿಸಿ ನಿಂತ ಸಾಲು, ಒಂದು ಬದಿಗೆ ಕಹಳೆಯವನು. ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯುತ್ತಿತ್ತು. ಕಿರಿಯ ಅಧಿಕಾರಿಯೊಬ್ಬರು ಕಾಗದ ಬಿಚ್ಚಿ ಸೇವಾ ಸಂಖ್ಯೆ, ಹುದ್ದೆ, ಹೆಸರು ಓದಿದರು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಅಂಥ ದೊಡ್ಡ ತಪ್ಪೇನಲ್ಲ, ಆದರೆ ಆ ಒಂದು ಅಕ್ಷರದಿಂದ ಅದು ಬೇರೆಯವರ ಹೆಸರಾಗಿಬಿಟ್ಟಿತ್ತು. ಅಲ್ಲಿಯವರೆಗೆ ಯಾರದೋ ಹೆಗಲಿಗೆ ಒರಗಿ, ಕಣ್ಣು ಮುಚ್ಚಿ ಕುಳಿತಿದ್ದ ಅವರ ತಾಯಿ ಥಟ್ಟನೆ ತಲೆ ಎತ್ತಿದರು. "ಅದು ನನ್ನ ಮಗನ ಹೆಸರಲ್ಲ" ಎಂದರು. ಕೂಗಲಿಲ್ಲ, ಅಳಲೂ ಇಲ್ಲ. ಅಂಗಡಿಯಲ್ಲಿ ಲೆಕ್ಕ ತಪ್ಪಿದಾಗ ಹೇಳುತ್ತಾರಲ್ಲ, ಆ ದನಿ.

ಅಧಿಕಾರಿಯ ಮುಖ ಕೆಂಪಾಯಿತು. "ಕ್ಷಮಿಸಿ ಅಮ್ಮ" ಎಂದು ಕಾಗದವನ್ನು ಮತ್ತೆ ನೋಡಿದರು, ಪಕ್ಕದವರನ್ನು ಕೇಳಿದರು, ಜೇಬಿನಿಂದ ಪೆನ್ನು ತೆಗೆದು ತಿದ್ದಿ, ಮೊದಲಿನಿಂದ ಓದಿದರು. ಆಮೇಲೆ ಗುಂಡು ಹಾರಿತು, ಕಹಳೆ ಮೊಳಗಿತು. ಬಂದಿದ್ದವರೆಲ್ಲ ವಾಪಸು ಹೋಗುವಾಗ ಗುಂಡಿನ ಸದ್ದಿನ ಬಗ್ಗೆ, ಧ್ವಜ ಮಡಿಸಿದ ಅಚ್ಚುಕಟ್ಟಿನ ಬಗ್ಗೆ ಮಾತಾಡಿಕೊಂಡರು. ನನ್ನ ತಲೆಯಲ್ಲಿ ಮಾತ್ರ ಆ ಒಂದು ಅಕ್ಷರವೇ ಕುಳಿತಿತ್ತು. ಆ ತಾಯಿ ತಡೆಯದೇ ಇದ್ದಿದ್ದರೆ ಆ ಗೌರವ ಯಾರಿಗೆ ಸಲ್ಲುತ್ತಿತ್ತು? ಗುಂಡು ಅಷ್ಟೇ ಹಾರುತ್ತಿತ್ತು, ಕಹಳೆ ಅಷ್ಟೇ ಸೊಗಸಾಗಿ ಕೇಳುತ್ತಿತ್ತು. ಪೆಟ್ಟಿಗೆಯಲ್ಲಿದ್ದವರೂ ಅವರೇ. ಆದರೂ ಏನೋ ಒಂದು ತಪ್ಪುತ್ತಿತ್ತಲ್ಲ, ಅದು ಏನು?

ಇದನ್ನು ಯೋಚಿಸುತ್ತಾ ಹೋದಾಗ ನಾನು ಬಂದು ನಿಂತದ್ದು, ಹೆಸರೇ ಇಲ್ಲದೆ ಗೌರವ ಪಡೆಯುವವನ ಮುಂದೆ. ಅಜ್ಞಾತ ಸೈನಿಕನ ಸಮಾಧಿಯ ಮುಂದೆ.

ಕೆಲಸದ ಸದ್ದುಗಳು

ಅದಕ್ಕೂ ಮೊದಲು ಆ ಗುಂಡು ಮತ್ತು ಕಹಳೆಯ ವಿಷಯ. ಅಂತ್ಯಕ್ರಿಯೆಯಲ್ಲಿ ಹಾರಿಸುವ ಮೂರು ಸುತ್ತು ಗುಂಡನ್ನು ಅನೇಕರು 'ಇಪ್ಪತ್ತೊಂದು ಕುಶಾಲತೋಪು' ಎಂದು ಕರೆಯುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಏಳು ಜನ ಮೂರು ಸಲ ಹಾರಿಸುವುದರಿಂದ ಲೆಕ್ಕವೂ ಕೂಡಿ ಬಂದು ಗೊಂದಲ ಗಟ್ಟಿಯಾಗಿದೆ. ಕುಶಾಲತೋಪು ಫಿರಂಗಿಯದು, ರಾಷ್ಟ್ರದ ಮುಖ್ಯಸ್ಥರಂಥವರಿಗೆ ಸಲ್ಲುವಂಥದು. ಸೈನಿಕನಿಗೆ ಸಲ್ಲುವ ಮೂರು ಸುತ್ತಿಗೆ ಸಾಮಾನ್ಯವಾಗಿ ಹೇಳುವ ಮೂಲ ಬೇರೆಯೇ. ಹಿಂದೆ ಯುರೋಪಿನ ಯುದ್ಧಗಳಲ್ಲಿ ಸತ್ತವರನ್ನು ಎತ್ತಿ ಸಾಗಿಸಲು ಎರಡೂ ಕಡೆಯವರು ಕಾದಾಟ ನಿಲ್ಲಿಸುತ್ತಿದ್ದರು. ನಮ್ಮವರನ್ನೆಲ್ಲ ಎತ್ತಿಕೊಂಡೆವು, ಇನ್ನು ಮತ್ತೆ ಶುರು ಮಾಡಬಹುದು ಎಂಬುದಕ್ಕೆ ಮೂರು ಸಲ ಗುಂಡು ಹಾರಿಸುತ್ತಿದ್ದರು. ಕಹಳೆಯ 'ಲಾಸ್ಟ್ ಪೋಸ್ಟ್' ಕೂಡ ಹಾಗೆಯೇ. ಬ್ರಿಟಿಷ್ ಪಾಳೆಯಗಳಲ್ಲಿ ರಾತ್ರಿ ಕಾವಲು ಠಾಣೆಗಳ ತಪಾಸಣೆ ಮುಗಿಯಿತು, ದಿನದ ಕೆಲಸ ಮುಗಿಯಿತು ಎಂದು ಸಾರುವ ಸ್ವರ ಅದು.

ನನಗೆ ಇದು ಬಹಳ ಇಷ್ಟವಾದ ಸಂಗತಿ. ಈ ಸದ್ದುಗಳು ಮೊದಲಿಗೆ ಹೊಗಳಿಕೆಗಾಗಿ ಹುಟ್ಟಿದವಲ್ಲ, ವರದಿ ಒಪ್ಪಿಸಲು ಹುಟ್ಟಿದವು. ಎಣಿಸಿದ್ದೇವೆ, ಎತ್ತಿಕೊಂಡಿದ್ದೇವೆ, ಯಾರೂ ಬಿಟ್ಟುಹೋಗಿಲ್ಲ ಎಂಬ ವರದಿ. ಆ ವರದಿ ನಿಜವಾಗಿರಬೇಕು, ಅಷ್ಟೇ. ನಿಜವಲ್ಲದಿದ್ದರೆ ಅದು ಬರೀ ಸದ್ದು.

ಯಾರಿಗೂ ಗೊತ್ತಾಗದಂತೆ ಆರಿಸುವುದು

ಮೊದಲ ಮಹಾಯುದ್ಧ ಮುಗಿದಾಗ ಎದುರಾದದ್ದು ಈ ವರದಿ ಒಪ್ಪಿಸಲಾಗದ ಸ್ಥಿತಿ. ಫಿರಂಗಿ ಗುಂಡುಗಳು ಹೆಣವನ್ನೂ ಉಳಿಸಿರಲಿಲ್ಲ, ಹೂತ ಗುರುತನ್ನೂ ಉಳಿಸಿರಲಿಲ್ಲ. ಬೆಲ್ಜಿಯಂನ ಈಪ್ರ ಪಟ್ಟಣದ ಮೆನಿನ್ ಗೇಟ್ ಎಂಬ ಒಂದೇ ಸ್ಮಾರಕದ ಗೋಡೆಗಳ ಮೇಲೆ 54,000ಕ್ಕೂ ಹೆಚ್ಚು ಹೆಸರುಗಳಿವೆ. ಫ್ರಾನ್ಸಿನ ತೀಪ್ವಾಲ್‌ನಲ್ಲಿ 72,000ಕ್ಕೂ ಹೆಚ್ಚು. ಇವರೆಲ್ಲ ಸತ್ತರೆಂದು ಗೊತ್ತು, ಸಮಾಧಿ ಎಲ್ಲಿ ಎಂದು ಗೊತ್ತಿಲ್ಲ. ಇನ್ನೊಂದೆಡೆ ಸಾವಿರಾರು ಸಮಾಧಿಗಳ ಕಲ್ಲಿನ ಮೇಲೆ ಹೆಸರೇ ಇಲ್ಲ. ಒಂದು ಕಡೆ ದೇಹವಿಲ್ಲದ ಹೆಸರುಗಳು, ಇನ್ನೊಂದು ಕಡೆ ಹೆಸರಿಲ್ಲದ ದೇಹಗಳು. ಎರಡನ್ನೂ ಜೋಡಿಸುವ ದಾರವೇ ತುಂಡಾಗಿತ್ತು.

ಡೇವಿಡ್ ರೈಲ್ಟನ್ ಎಂಬ ಸೇನಾ ಪಾದ್ರಿ 1916ರಲ್ಲಿ ಅರ್ಮೆಂಟಿಯೇರ್ ಬಳಿ ಒಂದು ಮನೆಯ ಹಿತ್ತಲಲ್ಲಿ ಸಮಾಧಿಯೊಂದನ್ನು ಕಂಡಿದ್ದರು. ಒರಟು ಮರದ ಶಿಲುಬೆ, ಅದರ ಮೇಲೆ ಪೆನ್ಸಿಲಿನಲ್ಲಿ, ಇಲ್ಲಿರುವವನು ಒಬ್ಬ ಅಜ್ಞಾತ ಬ್ರಿಟಿಷ್ ಸೈನಿಕ ಎಂಬಷ್ಟೇ ಬರಹ. ಹಾಗೆ ಗುರುತಿಲ್ಲದ ಒಬ್ಬನನ್ನು ತಂದು ರಾಜರ ನಡುವೆ ಹೂಳಬೇಕು ಎಂಬ ಯೋಚನೆ ಅವರದು. 1920ರ ನವೆಂಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅದು ನೆರವೇರಿತು. ಅದೇ ದಿನ ಪ್ಯಾರಿಸಿನಲ್ಲಿ ಫ್ರಾನ್ಸಿನ ಅಜ್ಞಾತ ಸೈನಿಕನೂ ವಿಜಯ ಕಮಾನನ್ನು ಸೇರಿದ.

ಆ ಸಮಾರಂಭದ ವೈಭವಕ್ಕಿಂತ ಅದರ ಹಿಂದಿನ ದಿನಗಳು ನನ್ನನ್ನು ಹೆಚ್ಚು ಹಿಡಿದಿಡುತ್ತವೆ. ಬ್ರಿಟಿಷರು ಬೇರೆಬೇರೆ ರಣಭೂಮಿಗಳಿಂದ ಗುರುತಿಲ್ಲದ ದೇಹಗಳನ್ನು ತೆಗೆಸಿ ಫ್ರಾನ್ಸಿನ ಸೇಂಟ್ ಪೋಲ್ ಎಂಬಲ್ಲಿನ ಸಣ್ಣ ಪ್ರಾರ್ಥನಾ ಮಂದಿರಕ್ಕೆ ತರಿಸಿದರು. ಯಾವುದು ಎಲ್ಲಿಂದ ಬಂದದ್ದು ಎಂದು ತಿಳಿಯದಂತೆ, ತಂದವರನ್ನು ತಕ್ಷಣ ವಾಪಸು ಕಳಿಸಿದರು. ಮಧ್ಯರಾತ್ರಿಯ ಹೊತ್ತಿಗೆ ಬ್ರಿಗೇಡಿಯರ್ ಜನರಲ್ ವ್ಯಾಟ್ ಒಳಗೆ ಹೋಗಿ, ಧ್ವಜ ಹೊದಿಸಿದ ದೇಹಗಳಲ್ಲಿ ಒಂದನ್ನು ಆರಿಸಿದರು. ಫ್ರೆಂಚರು ವೆರ್ಡನ್ ಕೋಟೆಯ ನೆಲಮಾಳಿಗೆಯಲ್ಲಿ ಎಂಟು ಪೆಟ್ಟಿಗೆಗಳನ್ನಿಟ್ಟು, ಒಂದರ ಮೇಲೆ ಹೂಗುಚ್ಛ ಇಡಲು ಆಗುಸ್ತ್ ತ್ಯಾಂ ಎಂಬ ಸಾಮಾನ್ಯ ಸೈನಿಕನಿಗೆ ಹೇಳಿದರು. ಅವನದು 132ನೇ ರೆಜಿಮೆಂಟ್. ಒಂದು, ಮೂರು, ಎರಡು ಕೂಡಿದರೆ ಆರು. ಅವನು ಆರನೆಯ ಪೆಟ್ಟಿಗೆಯ ಮೇಲೆ ಹೂವಿಟ್ಟ. ಒಂದು ದೇಶದ ಅತಿ ದೊಡ್ಡ ಗೌರವ ಯಾರಿಗೆ ಎಂಬುದು ಬೆರಳೆಣಿಕೆಯ ಕೂಡುವ ಲೆಕ್ಕದಲ್ಲಿ ತೀರ್ಮಾನವಾಯಿತು.

ಕೇಳಿದರೆ ನಗು ಬರಬಹುದು. ಆದರೆ ಇಡೀ ಏರ್ಪಾಡಿನ ಜೀವ ಇರುವುದೇ ಅಲ್ಲಿ. ಮಗನ ಸಮಾಧಿ ಎಲ್ಲಿದೆ ಎಂದು ತಿಳಿಯದ ತಾಯಿಯೊಬ್ಬಳು ಆ ಕಲ್ಲಿನ ಮುಂದೆ ನಿಂತು 'ಇವನು ನನ್ನವನೇ ಇರಬಹುದು' ಎಂದುಕೊಳ್ಳಬೇಕು. ಪಕ್ಕದಲ್ಲಿ ನಿಂತ ಇನ್ನೊಬ್ಬ ತಾಯಿಗೂ ಅದೇ ಮಾತು ಅಷ್ಟೇ ನಿಜವಾಗಿರಬೇಕು. ಅದಕ್ಕೆ ಆರಿಸಿದವನಿಗೂ ಗೊತ್ತಿರಬಾರದು, ತಂದವನಿಗೂ ಗೊತ್ತಿರಬಾರದು. ಎಲ್ಲೋ ಒಂದು ಕಡತದಲ್ಲಿ ಒಂದು ಹೆಸರು ಕುಳಿತಿದ್ದರೆ ಉಳಿದ ತಾಯಂದಿರಿಗೆಲ್ಲ ಸುಳ್ಳು ಹೇಳಿದಂತೆ.

ಕನ್ನಡದಲ್ಲಿ ನಾವು ಇವನನ್ನು ಕೆಲವೊಮ್ಮೆ 'ಅನಾಮಿಕ ಯೋಧ' ಎಂದು ಬರೆಯುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ಅವನಿಗೆ ಹೆಸರಿತ್ತು, ಯಾರೋ ಮುದ್ದಿನಿಂದ ಇಟ್ಟು ಕರೆದ ಹೆಸರು. ನಮಗೆ ತಿಳಿಯದು, ಅಷ್ಟೇ. 'ಅಜ್ಞಾತ' ಎಂಬುದೇ ಪ್ರಾಮಾಣಿಕ ಪದ. ಪಾಂಡವರು ವಿರಾಟನ ಊರಿನಲ್ಲಿ ಹೆಸರಿಲ್ಲದವರಾಗಿರಲಿಲ್ಲ, ಅಜ್ಞಾತರಾಗಿದ್ದರು. ಅಜ್ಞಾತವೆನ್ನುವುದು ಇರುವವನ ಗುಣವಲ್ಲ, ನೋಡುವವರ ತಿಳಿವಿನ ಮಿತಿ.

ಮಧ್ಯದ ಕಲ್ಲು

ಅಮೆರಿಕದ ಆರ್ಲಿಂಗ್ಟನ್ ಸಮಾಧಿ ಭೂಮಿಗೆ ಹೋಗಿದ್ದಾಗ ನಾನು ಅಜ್ಞಾತ ಸೈನಿಕನ ಸಮಾಧಿಯ ಮುಂದೆ ಕಾವಲುಗಾರ ಬದಲಾಗುವುದನ್ನು ನೋಡುತ್ತಾ ನಿಂತಿದ್ದೆ. 1937ರಿಂದ ಅಲ್ಲಿ ಹಗಲು ರಾತ್ರಿ ಎನ್ನದೆ ಕಾವಲಿದೆ. ಕಪ್ಪು ಚಾಪೆಯ ಮೇಲೆ ಇಪ್ಪತ್ತೊಂದು ಹೆಜ್ಜೆ, ತಿರುಗಿ ಸಮಾಧಿಗೆ ಮುಖ ಮಾಡಿ ಇಪ್ಪತ್ತೊಂದು ಸೆಕೆಂಡು, ಮತ್ತೆ ತಿರುಗಿ ಇಪ್ಪತ್ತೊಂದು ಸೆಕೆಂಡು, ಮತ್ತೆ ಇಪ್ಪತ್ತೊಂದು ಹೆಜ್ಜೆ. ಕೋವಿ ಯಾವಾಗಲೂ ಸಮಾಧಿಗೆ ದೂರದ ಹೆಗಲಿನ ಮೇಲೆ, ಅಂದರೆ ಕಾವಲುಗಾರ ಸಮಾಧಿಗೂ ನೋಡಲು ಬಂದವರಿಗೂ ನಡುವೆ ನಿಂತಂತೆ. ಚಾಪೆಯ ಮೇಲೆ ನಡೆಯುವವನ ತೋಳಿನ ಮೇಲೆ ಹುದ್ದೆಯ ಪಟ್ಟಿ ಇರುವುದಿಲ್ಲ. ಒಳಗಿರುವವನ ಹುದ್ದೆ ಗೊತ್ತಿಲ್ಲವಲ್ಲ, ಅವನಿಗಿಂತ ಮೇಲಿನವನಾಗಿ ಕಾಣಿಸಿಕೊಳ್ಳಬಾರದು. ಇಂಥ ಸೂಕ್ಷ್ಮಗಳನ್ನು ಯೋಚಿಸಿದವರ ಬಗ್ಗೆ ನನಗೆ ಗೌರವ ಬಂತು.

ದೊಡ್ಡ ಬಿಳಿಯ ಸಮಾಧಿಯ ಮುಂದೆ ನೆಲಮಟ್ಟದಲ್ಲಿ ಮೂರು ಕಲ್ಲುಹಾಸುಗಳಿವೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ತನ್ನ ಅಪ್ಪನನ್ನು ಮಧ್ಯದಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಅವರು ಕೈಪಿಡಿ ತಿರುವಿ "ಯಾರೂ ಇಲ್ಲ" ಎಂದರು. ಹುಡುಗಿ ನಂಬಲಿಲ್ಲ. ಕಾವಲುಗಾರನ ಬೂಟಿನ ಟಕ್ ಟಕ್ ಸದ್ದು ಹಾಗೇ ಸಾಗಿತ್ತು.

ಆ ಎರಡು ಅಂಚಿನ ಕಲ್ಲುಗಳ ಕೆಳಗೆ ಎರಡನೆಯ ಮಹಾಯುದ್ಧದ ಮತ್ತು ಕೊರಿಯಾ ಯುದ್ಧದ ಅಜ್ಞಾತರಿದ್ದಾರೆ. ಮಧ್ಯದ್ದು ವಿಯೆಟ್ನಾಂ ಯುದ್ಧದ್ದು. ಅಲ್ಲಿ ಹದಿನಾಲ್ಕು ವರ್ಷ ಒಬ್ಬರು ಇದ್ದರು. ಅವರ ಹೆಸರು ಮೈಕೆಲ್ ಬ್ಲಾಸಿ.

ಬ್ಲಾಸಿ ವಾಯುಪಡೆಯ ಲೆಫ್ಟಿನೆಂಟ್. 1972ರ ಮೇ 11ರಂದು ದಕ್ಷಿಣ ವಿಯೆಟ್ನಾಮಿನ ಆನ್ ಲಾಕ್ ಬಳಿ ಅವರ ಎ-37 ವಿಮಾನಕ್ಕೆ ನೆಲದಿಂದ ಗುಂಡು ತಗುಲಿ ಅದು ಉರುಳಿತು. ಅವರಿಗೆ ಆಗ 24 ವರ್ಷ. ಶತ್ರುಗಳ ಹಿಡಿತದಲ್ಲಿದ್ದ ಜಾಗವಾದ್ದರಿಂದ ಕೂಡಲೇ ಹೋಗಿ ತರಲಾಗಲಿಲ್ಲ. ಅದೇ ಅಕ್ಟೋಬರ್ ಕೊನೆಯಲ್ಲಿ ದಕ್ಷಿಣ ವಿಯೆಟ್ನಾಮಿನ ಗಸ್ತು ಪಡೆಯೊಂದು ಅಲ್ಲಿಂದ ಆರು ಮೂಳೆಗಳನ್ನು ತಂದಿತು. ನಾಲ್ಕು ಪಕ್ಕೆಲುಬು, ಒಂದು ತೋಳಿನ ಮೂಳೆ, ಸೊಂಟದ ಮೂಳೆಯ ಒಂದು ಭಾಗ. ಜೊತೆಗೆ ಪೈಲಟ್ ಉಡುಪಿನ ಚೂರುಗಳು, ಪ್ಯಾರಾಚೂಟ್ ತುಂಡು, ಮತ್ತು ಬ್ಲಾಸಿಯ ಗುರುತಿನ ಚೀಟಿ. ಚೀಟಿ ದಾರಿಯಲ್ಲೆಲ್ಲೋ ಕಳೆದುಹೋಯಿತು. ಆದರೂ ಮೂಳೆಗಳ ಕಡತದ ಮೇಲೆ 'ಬ್ಲಾಸಿಯವರದು ಎಂದು ನಂಬಲಾಗಿದೆ' ಎಂಬ ಬರಹ ಉಳಿದಿತ್ತು.

ಆಗ ಮೂಳೆಯಿಂದ ಡಿಎನ್‌ಎ ತೆಗೆದು ಹೋಲಿಸುವ ವಿದ್ಯೆ ಇರಲಿಲ್ಲ. ಉದ್ದ, ದಪ್ಪ ಅಳೆದು ವಯಸ್ಸು ಮತ್ತು ಎತ್ತರ ಅಂದಾಜು ಮಾಡುತ್ತಿದ್ದರು. ಆರೇ ಮೂಳೆಗಳಿರುವಾಗ ಆ ಅಂದಾಜು ಎಷ್ಟು ತೆಳು ಎಂದು ಯಾರಿಗಾದರೂ ಅರ್ಥವಾಗುತ್ತದೆ. ಹವಾಯಿಯ ಪ್ರಯೋಗಾಲಯದಲ್ಲಿ ಅಳೆದಾಗ ಬಂದ ವಯಸ್ಸು, ಎತ್ತರ ಎರಡೂ ಬ್ಲಾಸಿಗೆ ಹೊಂದಲಿಲ್ಲ. ಹೆಸರನ್ನು ಕಿತ್ತು ಎಕ್ಸ್-26 ಎಂಬ ಸಂಖ್ಯೆ ಕೊಟ್ಟರು. ಗುರುತಿನ ಚೀಟಿ ಸಿಕ್ಕ ಸಂಗತಿ ಮನೆಯವರವರೆಗೆ ತಲುಪಲೇ ಇಲ್ಲ.

ಇಲ್ಲಿಂದ ಮುಂದಿನದು ನನಗೆ ನುಂಗಲು ಕಷ್ಟವಾದ ಭಾಗ. ವಿಯೆಟ್ನಾಂ ಯುದ್ಧದ ಒಬ್ಬ ಅಜ್ಞಾತನನ್ನೂ ಹೂಳಬೇಕೆಂದು 1973ರಲ್ಲೇ ಕಾನೂನಾಗಿತ್ತು, ಗೂಡೂ ಸಿದ್ಧವಾಯಿತು. ಆದರೆ ಹೆಲಿಕಾಪ್ಟರಿನಲ್ಲಿ ಬೇಗ ಎತ್ತಿ ತರುತ್ತಿದ್ದ ಯುದ್ಧವದು, ದಾಖಲೆಗಳೂ ಚೆನ್ನಾಗಿದ್ದವು. ಪ್ರಯೋಗಾಲಯಕ್ಕೆ ಬಂದವರೆಲ್ಲ ಒಬ್ಬೊಬ್ಬರಾಗಿ ಹೆಸರು ಪಡೆಯುತ್ತಾ ಹೋದರು. ಅಜ್ಞಾತರೇ ಸಿಗುತ್ತಿಲ್ಲ! ಸಂತೋಷಪಡಬೇಕಾದ ಸುದ್ದಿ ಅದು. ಆದರೆ ಮಾಜಿ ಸೈನಿಕರಿಗೆ ತಮ್ಮ ಯುದ್ಧವೊಂದಕ್ಕೇ ಗೌರವ ತಪ್ಪಿತೆಂಬ ನೋವು, ಸರ್ಕಾರಕ್ಕೆ ಆ ಗಾಯಕ್ಕೆ ಮುಲಾಮು ಹಚ್ಚುವ ಅವಸರ. ಕೊನೆಗೆ ಎಕ್ಸ್-26 ಆ ಗೂಡಿಗೆ ಹೋಯಿತು. 1984ರ ಮೇ 28ರಂದು ಅಧ್ಯಕ್ಷ ರೇಗನ್ ಎದುರಿನಲ್ಲಿ ಅಂತ್ಯಕ್ರಿಯೆ ನಡೆಯಿತು, ದೇಶದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಲ್ಲಿತು. 1920ರಲ್ಲಿ ಅಜ್ಞಾತನಿದ್ದ, ಅವನಿಗಾಗಿ ಸಮಾಧಿ ಕಟ್ಟಿದರು. 1984ರಲ್ಲಿ ಸಮಾಧಿಯಿತ್ತು, ಅದಕ್ಕಾಗಿ ಅಜ್ಞಾತನನ್ನು ಹುಡುಕಿದರು.

ಆ ಹೊತ್ತಿಗೆ ಪೊಟೊಮ್ಯಾಕ್ ನದಿಯ ಆಚೆ ದಡದಲ್ಲಿ, ವಾಷಿಂಗ್ಟನ್ನಿನಲ್ಲಿ, ವಿಯೆಟ್ನಾಂ ಸ್ಮಾರಕದ ಕಪ್ಪು ಗೋಡೆ ಎದ್ದು ಒಂದೂವರೆ ವರ್ಷವಾಗಿತ್ತು. ಸತ್ತವರ ಮತ್ತು ಕಾಣೆಯಾದವರ ಹೆಸರುಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಕೆತ್ತಿದ ಗೋಡೆ. ಅಲ್ಲಿ ಮೈಕೆಲ್ ಬ್ಲಾಸಿಯ ಹೆಸರೂ ಇತ್ತು. ನದಿಯ ಈಚೆ ದೇಹ, ಹೆಸರಿಲ್ಲದೆ. ನದಿಯ ಆಚೆ ಹೆಸರು, ದೇಹವಿಲ್ಲದೆ. ಹದಿನಾಲ್ಕು ವರ್ಷ ಹೀಗೆಯೇ.

ತೆರೆದದ್ದು

1994ರಲ್ಲಿ ಮಾಜಿ ಸೈನಿಕರೊಬ್ಬರು ದಾಖಲೆಗಳನ್ನು ಜಾಲಾಡಿ, ಆ ಸಮಾಧಿಯಲ್ಲಿರುವವರು ಬ್ಲಾಸಿಯೇ ಇರಬೇಕೆಂದು ಬರೆದರು. 1998ರ ಜನವರಿಯಲ್ಲಿ ಟಿವಿ ವಾಹಿನಿಯೊಂದು ಸುದ್ದಿಯನ್ನು ದೇಶದ ಮುಂದಿಟ್ಟಿತು. ಕುಟುಂಬ ಸಮಾಧಿ ತೆರೆಯುವಂತೆ ಕೇಳಿತು. ಒಪ್ಪದವರೂ ಇದ್ದರು, ಪವಿತ್ರ ಜಾಗವನ್ನು ಕೆದಕುವುದೇ ಎಂದು. ಅವರ ಸಂಕಟ ನನಗೆ ಅರ್ಥವಾಗುತ್ತದೆ, ವಾದ ಮಾತ್ರ ಒಪ್ಪಿಗೆಯಾಗುವುದಿಲ್ಲ. ಪವಿತ್ರವಾಗಿದ್ದದ್ದು ಕಲ್ಲಲ್ಲ, ಇವನ ಹೆಸರು ನಮಗೆ ತಿಳಿಯದು ಎಂಬ ಮಾತಿನ ಪ್ರಾಮಾಣಿಕತೆ. ಅದು ಅನುಮಾನಕ್ಕೆ ಬಿದ್ದ ಮೇಲೆ ಕಲ್ಲನ್ನು ಕಾಯುವುದರಲ್ಲಿ ಏನಿದೆ?

ಮೇ 14ರಂದು ಸಮಾಧಿ ತೆರೆದರು. ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷೆ ನಡೆಯಿತು. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವಂಥದು, ಪ್ರತಿ ಜೀವಕೋಶದಲ್ಲೂ ನೂರಾರು ಪ್ರತಿಗಳಿರುವುದರಿಂದ ಹಳೆಯ ಮೂಳೆಯಲ್ಲೂ ಉಳಿದಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಬೇಕಾದದ್ದು ತಾಯಿ ಮತ್ತು ಅಕ್ಕತಂಗಿಯರ ಕಡೆಯ ಮಾದರಿ. ಅದರಿಂದ ಒಬ್ಬನೇ ವ್ಯಕ್ತಿಯನ್ನು ಬೆರಳಿಟ್ಟು ತೋರಿಸಲಾಗದು, ತಾಯಿಯ ಕಡೆಯ ನೆಂಟರಿಗೆಲ್ಲ ಅದು ಒಂದೇ. ಆದರೆ ಆ ಜಾಗದಲ್ಲಿ ಬಿದ್ದವರ ಪಟ್ಟಿ ಚಿಕ್ಕದಾಗಿರುವಾಗ ಅಷ್ಟು ಸಾಕು. ಜೂನ್ 30ರಂದು ಫಲಿತಾಂಶ ಪ್ರಕಟವಾಯಿತು. ಹದಿನಾಲ್ಕು ವರ್ಷ ದೇಶವಿಡೀ ತಲೆಬಾಗಿದ ಕಲ್ಲಿನ ಕೆಳಗಿದ್ದವನನ್ನು ಗುರುತಿಸಿದ್ದು ಅವನ ತಾಯಿಯ ರಕ್ತ. ಜುಲೈ 11ರಂದು ಅವರನ್ನು ಸೇಂಟ್ ಲೂಯಿ ನಗರದ ಸೇನಾ ಸಮಾಧಿ ಭೂಮಿಯಲ್ಲಿ, ಸಾಲಿನಲ್ಲಿ ಒಬ್ಬರಾಗಿ, ಹೆಸರಿರುವ ಕಲ್ಲಿನ ಕೆಳಗೆ ಮತ್ತೆ ಹೂಳಿದರು.

ಪದಕದ ಪ್ರಶ್ನೆ ಉಳಿಯಿತು. ಅದನ್ನು ಬ್ಲಾಸಿಗೆ ವರ್ಗಾಯಿಸಿ ಎಂದು ಕೇಳಿದಾಗ ಸರ್ಕಾರ ಒಪ್ಪಲಿಲ್ಲ. ಪದಕ ಕೊಟ್ಟದ್ದು ಈ ವ್ಯಕ್ತಿಗಲ್ಲ, ಅಜ್ಞಾತನೆಂಬ ಸಂಕೇತಕ್ಕೆ ಎಂಬುದು ಉತ್ತರ. ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಇಡೀ ಪ್ರಕರಣದಲ್ಲಿ ಅದೊಂದು ನೆಟ್ಟಗಿನ ಮಾತು. ಹೆಸರು ಸಿಕ್ಕಾಗ ಅವರು ಕಳೆದುಕೊಂಡದ್ದು ಕಾವಲು, ಪದಕ, ಅಧ್ಯಕ್ಷರ ಹೂಮಾಲೆ. ಪಡೆದದ್ದು ಎರಡು ಪದ ಮತ್ತು ಎರಡು ದಿನಾಂಕ. ಕುಟುಂಬ ಆ ವಿನಿಮಯವನ್ನು ಬೇಕೆಂದೇ ಕೇಳಿ ಪಡೆಯಿತು.

ಆರ್ಲಿಂಗ್ಟನ್ನಿನವರು ಗೂಡನ್ನು ಖಾಲಿ ಬಿಡಲು ನಿರ್ಧರಿಸಿದರು. 1999ರಲ್ಲಿ ಅದರ ಮೇಲೆ ಹೊಸ ಬರಹ ಬಂತು, 1958ರಿಂದ 1975ರವರೆಗೆ ಕಾಣೆಯಾದ ಸೈನಿಕರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ ಎಂಬರ್ಥದ್ದು. ಅಲ್ಲಿ ನಿಂತಾಗ ನನಗೆ ಆ ಮೂರು ಕಲ್ಲುಗಳಲ್ಲಿ ಹೆಚ್ಚು ಭಾರವಾಗಿ ಕಂಡದ್ದು ಅದೇ.

ತಿದ್ದುವ ಕೈ

ಗುರುತಿಸುವವರೂ ತಪ್ಪಬಹುದು ಎಂಬುದನ್ನು ಇಲ್ಲಿ ಹೇಳಲೇಬೇಕು. ಗುರುತಿಲ್ಲದ ಬ್ರಿಟಿಷ್ ಸಮಾಧಿಗಳ ಮೇಲೆ ಕೆತ್ತುವ 'ದೇವರಿಗೆ ಗೊತ್ತಿರುವವನು' ಎಂಬರ್ಥದ ಸಾಲನ್ನು ಆರಿಸಿಕೊಟ್ಟವರು ಲೇಖಕ ರಡ್ಯಾರ್ಡ್ ಕಿಪ್ಲಿಂಗ್. ಅವರ ಒಬ್ಬನೇ ಮಗ 1915ರಲ್ಲಿ ಲೂಸ್ ಕಾಳಗದಲ್ಲಿ ಕಾಣೆಯಾದವನು. ತಂದೆ ಹುಡುಕುತ್ತಲೇ ತೀರಿಕೊಂಡರು. 1992ರಲ್ಲಿ ಅಂಥದೇ ಒಂದು ಗುರುತಿಲ್ಲದ ಕಲ್ಲಿಗೆ ಮಗನ ಹೆಸರು ಬಂತು, ಆಮೇಲೆ ಅದು ಸರಿಯೇ ತಪ್ಪೇ ಎಂದು ವರ್ಷಗಟ್ಟಲೆ ವಾದ ನಡೆಯಿತು. ಆರು ಮೂಳೆಗಳಿಂದ ಹೆಸರು ಕಿತ್ತವರದೂ, ಸಾಕ್ಷ್ಯ ಸಾಲದೆ ಹೆಸರು ಅಂಟಿಸುವವರದೂ ಒಂದೇ ಜಾತಿಯ ತಪ್ಪು.

ಹಾಗಾಗಿ ತಿದ್ದಲು ಜಾಗ ಇಟ್ಟುಕೊಂಡ ಸ್ಮಾರಕಗಳ ಮೇಲೆ ನನಗೆ ಪ್ರೀತಿ. ಮೆನಿನ್ ಗೇಟ್‌ನಲ್ಲಿ ಹೆಸರಿರುವ ಯಾರದಾದರೂ ದೇಹ ಪತ್ತೆಯಾಗಿ ಅವನಿಗೆ ಹೆಸರಿರುವ ಸಮಾಧಿ ಸಿಕ್ಕರೆ, ಸಕಾಲದಲ್ಲಿ ಗೋಡೆಯಿಂದ ಆ ಹೆಸರನ್ನು ತೆಗೆಯುತ್ತಾರೆ. ಅವನು ಇನ್ನು ಕಾಣೆಯಾದವನಲ್ಲವಲ್ಲ. ವಾಷಿಂಗ್ಟನ್ನಿನ ಕಪ್ಪು ಗೋಡೆಯಲ್ಲಿ ಇನ್ನೊಂದು ಪದ್ಧತಿ. ಸತ್ತದ್ದು ಖಚಿತವಾದವರ ಹೆಸರಿನ ಪಕ್ಕ ವಜ್ರದ ಗುರುತು, ಕಾಣೆಯಾದವರ ಪಕ್ಕ ಶಿಲುಬೆ. ಅವಶೇಷ ಸಿಕ್ಕು ಗುರುತು ಹತ್ತಿದರೆ ಶಿಲುಬೆಯ ಮೇಲೆಯೇ ವಜ್ರವನ್ನು ಕೆತ್ತುತ್ತಾರೆ. ಯಾರಾದರೂ ಜೀವಂತ ಮರಳಿದರೆ ಶಿಲುಬೆಯ ಸುತ್ತ ಒಂದು ವೃತ್ತ ಬರೆಯಬೇಕೆಂದೂ ಗೊತ್ತುಮಾಡಿದ್ದಾರೆ. ಆ ವೃತ್ತವನ್ನು ಬರೆಯುವ ಸಂದರ್ಭ ಒಮ್ಮೆಯೂ ಬಂದಿಲ್ಲ, ಆದರೂ ಅದಕ್ಕೆ ಜಾಗ ಇದೆ.

ಆ ಅಂತ್ಯಕ್ರಿಯೆಯ ದಿನ ಎಲ್ಲ ಮುಗಿದ ಮೇಲೆ, ಮಡಿಸಿದ ಧ್ವಜವನ್ನು ತಾಯಿಯ ಕೈಗಿಟ್ಟರು. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು, ಆ ಕಿರಿಯ ಅಧಿಕಾರಿಯನ್ನು ಹತ್ತಿರ ಕರೆದು ಕಾಗದ ಕೊಡಲು ಹೇಳಿದರು. ನೆನಪಿಗೆ ಇಟ್ಟುಕೊಳ್ಳುತ್ತಾರೇನೋ ಎಂದುಕೊಂಡೆವು. ಅವರು ಕನ್ನಡಕ ಹಾಕಿಕೊಂಡು, ಪೆನ್ನಿನಿಂದ ತಿದ್ದಿದ ಜಾಗವನ್ನು ಹುಡುಕಿ, ಅಕ್ಷರ ಅಕ್ಷರವಾಗಿ ತುಟಿಯಾಡಿಸುತ್ತಾ ಓದಿದರು. ಆಮೇಲೆ ಕಾಗದವನ್ನು ವಾಪಸು ಕೊಟ್ಟು, "ತಗೊಳ್ಳಿ, ನಿಮ್ಮ ಕಡತಕ್ಕೆ ಬೇಕಾಗುತ್ತದೆ" ಎಂದರು.